ಶಾಲೆ ಬಿಟ್ಟ ಮಕ್ಕಳ ಲಾಜಿಸ್ಟಿಕ್ ರಿಗ್ರೆಶನ್: ಆಡ್ಸ್ ರೇಷಿಯೋ ಓದುವ ಕ್ರಮ, ಹಂತ ಹಂತವಾಗಿ

"ಹೈಸ್ಕೂಲು ದೂರ ಇರುವ ಮಕ್ಕಳು ಶಾಲೆ ಬಿಡುವ ಸಾಧ್ಯತೆ 2.43 ಪಟ್ಟು ಹೆಚ್ಚು."

ಸಮಾಜಶಾಸ್ತ್ರದ ಅಸೈನ್‌ಮೆಂಟ್‌ಗಳಲ್ಲಿ ಈ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಮಾಡೆಲ್ ಸರಿ ಇರುತ್ತದೆ, ಟೇಬಲ್ ಸರಿ ಇರುತ್ತದೆ. ಟೇಬಲ್ ಕೆಳಗೆ ಬರೆದ ಈ ವಾಕ್ಯದಲ್ಲಿ ಮಾತ್ರ ಎರಡು ತಪ್ಪು ಇರುತ್ತವೆ, ಮಾರ್ಕ್ಸ್ ಅಲ್ಲೇ ಹೋಗುತ್ತದೆ.

ಒಂದು, "ಸಾಧ್ಯತೆ" ಎಂಬ ಮಾತು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಸಾಧ್ಯತೆ ಎನ್ನುತ್ತೇವೆ. ಆಡ್ಸ್ ಎಂದರೂ ಸಾಧ್ಯತೆ, ಪ್ರಾಬಬಿಲಿಟಿ ಎಂದರೂ ಸಾಧ್ಯತೆ. ಆದರೆ ಇವು ಬೇರೆ ಬೇರೆ ಲೆಕ್ಕ. ಎರಡು, "2.43 ಪಟ್ಟು ಹೆಚ್ಚು" ಎಂದರೆ ಮೊದಲಿದ್ದದ್ದರ ಮೇಲೆ ಇನ್ನೂ 2.43 ಪಟ್ಟು ಸೇರಿತು ಎಂದೂ ಅರ್ಥವಾಗುತ್ತದೆ. ಆಗ ಅದು 3.43 ಆಗಿಬಿಡುತ್ತದೆ. "2.43 ಪಟ್ಟು" ಎಂದಷ್ಟೇ ಬರೆಯಬೇಕು.

ಎರಡನೇ ತಪ್ಪನ್ನು ತಿದ್ದಿಕೊಳ್ಳುವುದು ಸುಲಭ. ಮೊದಲನೆಯದನ್ನು ತಿದ್ದಿಕೊಳ್ಳಲು ಕೆಳಗಿನ ಹಂತಗಳು ಬೇಕು. ಕ್ರಮ ಬದಲಿಸಬೇಡಿ. ಮೊದಲ ಎರಡು ಹಂತ ಬಿಟ್ಟು ನೇರ ಸಾಫ್ಟ್‌ವೇರ್‌ಗೆ ಹೋದವರೇ ಜಾಸ್ತಿ ಎಡವುತ್ತಾರೆ.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದ್ದು

ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್. ನಿಮ್ಮ ದತ್ತಾಂಶದ ಕೋಡ್‌ಬುಕ್ ಎದುರಿಗೇ ತೆರೆದಿರಲಿ. ಆಮೇಲೆ R, ಸ್ಟಾಟಾ ಅಥವಾ SPSS, ನಿಮ್ಮ ವಿಭಾಗದಲ್ಲಿ ಯಾವುದಿದೆಯೋ ಅದು. ಇಲ್ಲಿ ನಾನು R ಬಳಸುತ್ತೇನೆ. ಅದು ಉಚಿತ, ಮನೆಯಲ್ಲೂ ಕೂತು ಮಾಡಬಹುದು. SPSSನಲ್ಲಿ ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಹೇಳುತ್ತೇನೆ.

ಉದಾಹರಣೆಗೆ ಬಳಸಿರುವ 1000 ಮಕ್ಕಳ ಲೆಕ್ಕವನ್ನು ನಾನೇ ಕಟ್ಟಿದ್ದೇನೆ. ಕೈಲೆಕ್ಕಕ್ಕೆ ಸುಲಭವಾಗಿ ಸಿಗಲಿ ಎಂಬುದಷ್ಟೇ ಕಾರಣ. ಇದು ಯಾವ ಜಿಲ್ಲೆಯ ಅಂಕಿಯೂ ಅಲ್ಲ, ಅಸೈನ್‌ಮೆಂಟ್‌ನಲ್ಲಿ ಪುರಾವೆಯಾಗಿ ಬಳಸಬೇಡಿ.

## ಹಂತ 1: ಕಡತದಲ್ಲಿ ಯಾರು ಇದ್ದಾರೆ, 1 ಎಂದರೆ ಯಾರು?

ನಮ್ಮ ಹಳ್ಳಿಗಳಲ್ಲಿ ಶಾಲೆ 7ನೇ ತರಗತಿಗೆ ಮುಗಿಯುವ ಕಡೆ ಬಹಳ. 8, 9, 10ಕ್ಕೆ ಇನ್ನೊಂದು ಊರಿಗೆ ಹೋಗಬೇಕು. ಹಾಗಾಗಿ ನಮ್ಮ ಪ್ರಶ್ನೆ ಇದು: 7ನೇ ತರಗತಿ ಮುಗಿಸಿದ ಮಕ್ಕಳಲ್ಲಿ 10 ಮುಗಿಸದೆ ಶಾಲೆ ಬಿಟ್ಟವರು ಯಾರು?

ಬಿಟ್ಟವರಿಗೆ 1, ಬಿಡದೆ ಉಳಿದವರಿಗೆ 0. ಇದು ಸರಳ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲೇ ಮೂರು ಕಡೆ ಹುಷಾರಾಗಿರಬೇಕು.

8ಕ್ಕೆ ಸೇರಿದ ಮಕ್ಕಳನ್ನು ಮಾತ್ರ ತೆಗೆದುಕೊಂಡರೆ, ದೂರದ ಕಾರಣಕ್ಕೆ ಸೇರದೇ ಹೋದವರು ಕಡತದಿಂದಲೇ ಬಿಟ್ಟುಹೋಗುತ್ತಾರೆ. ದೂರದ ಪೆಟ್ಟು ಅತಿ ಹೆಚ್ಚು ಬಿದ್ದವರೇ ಅವರು. ಅವರಿಲ್ಲದೆ ಬರುವ ಆಡ್ಸ್ ರೇಷಿಯೋ ದೂರದ ಪ್ರಭಾವವನ್ನು ಕಡಿಮೆ ತೋರಿಸುವ ಅಪಾಯವಿದೆ. ಹಾಗೆಯೇ ಇನ್ನೂ 9ನೇ ತರಗತಿಯಲ್ಲಿ ಓದುತ್ತಿರುವ ಮಗುವಿಗೆ 0 ಹಾಕಬಾರದು. ಆ ಮಗು ಮುಂದಿನ ವರ್ಷ ಬಿಡಬಹುದು, ಅದರ ಕಥೆ ಇನ್ನೂ ಮುಗಿದಿಲ್ಲ. 7 ಮುಗಿಸಿ ಕನಿಷ್ಠ 3 ವರ್ಷ ಆದವರನ್ನು ಮಾತ್ರ ಸೇರಿಸಿ. ಮೂರನೆಯದು, ಶಾಲೆಯ ಮೆಟ್ಟಿಲೇ ಹತ್ತದ ಮಗು. ಅದು ಶಾಲೆ "ಬಿಟ್ಟ" ಮಗುವಲ್ಲ. ಕೋಡ್‌ಬುಕ್‌ನಲ್ಲಿ ಇವರಿಗೆ ಬೇರೆ ಸಂಖ್ಯೆ ಇರುತ್ತದೆ, ಹುಡುಕಿ ಹೊರಗಿಡಿ.

ಇನ್ನೊಂದು ಮಾತು. ಕೇಂದ್ರ ಶಿಕ್ಷಣ ಸಚಿವಾಲಯದ UDISE+ ವರದಿಯ ಡ್ರಾಪ್‌ಔಟ್ ದರವನ್ನು ಪಕ್ಕದಲ್ಲಿಟ್ಟು "ನನ್ನದು ಅದಕ್ಕೆ ಹೊಂದುತ್ತಿಲ್ಲ" ಎಂದು ಗಾಬರಿಯಾಗಬೇಡಿ. ಅದು ಶಾಲಾ ದಾಖಲೆಯಿಂದ, ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಮಾಡುವ ಲೆಕ್ಕ. ನಮ್ಮದು ಮನೆ ಸಮೀಕ್ಷೆಯ, ಮೂರು ವರ್ಷದ ಲೆಕ್ಕ. ಎರಡೂ ಒಂದೇ ಆಗಬೇಕಾಗಿಲ್ಲ.

## ಹಂತ 2: ಸಾಫ್ಟ್‌ವೇರ್ ಮುಟ್ಟುವ ಮೊದಲು ಕೈಲೆಕ್ಕ

ಹಾಳೆಯ ಮೇಲೆ ಈ ಟೇಬಲ್ ಬರೆಯಿರಿ.

| ಹೈಸ್ಕೂಲಿನ ದೂರ | ಬಿಟ್ಟವರು | ಉಳಿದವರು | ಒಟ್ಟು |
|---|---|---|---|
| 5 ಕಿ.ಮೀ. ಒಳಗೆ | 90 | 510 | 600 |
| 5 ಕಿ.ಮೀ. ಆಚೆ | 120 | 280 | 400 |

ಈಗ ಎರಡು ಬೇರೆ ಬೇರೆ ಪ್ರಶ್ನೆ ಕೇಳಿ.

ಮೊದಲ ಪ್ರಶ್ನೆ: ಒಟ್ಟು ನೂರರಲ್ಲಿ ಬಿಟ್ಟವರೆಷ್ಟು? ಹತ್ತಿರದವರಲ್ಲಿ 90 ಭಾಗಿಸು 600, ಅಂದರೆ ನೂರರಲ್ಲಿ 15. ದೂರದವರಲ್ಲಿ 120 ಭಾಗಿಸು 400, ನೂರರಲ್ಲಿ 30. ಇದು ಪ್ರಾಬಬಿಲಿಟಿ. 30 ಎಂಬುದು 15ರ ಸರಿಯಾಗಿ 2 ಪಟ್ಟು.

ಎರಡನೇ ಪ್ರಶ್ನೆ: ಉಳಿದ ನೂರಕ್ಕೆ ಬಿಟ್ಟವರೆಷ್ಟು? ಹತ್ತಿರದವರಲ್ಲಿ 90 ಭಾಗಿಸು 510, ಅಂದರೆ 0.176. ಶಾಲೆಯಲ್ಲಿ ಉಳಿದ ಪ್ರತಿ ನೂರು ಮಕ್ಕಳಿಗೆ ಬಿಟ್ಟವರು ಸುಮಾರು 18. ದೂರದವರಲ್ಲಿ 120 ಭಾಗಿಸು 280, ಅಂದರೆ 0.429. ಉಳಿದ ನೂರಕ್ಕೆ ಬಿಟ್ಟವರು ಸುಮಾರು 43. ಇದು ಆಡ್ಸ್. 0.429 ಭಾಗಿಸು 0.176 ಮಾಡಿ. ಬಂತು 2.43. ಇದೇ ಆಡ್ಸ್ ರೇಷಿಯೋ.

ಒಂದೇ ಮಕ್ಕಳು, ಒಂದೇ ಟೇಬಲ್. ಒಂದು ದಾರಿಯಲ್ಲಿ 2 ಪಟ್ಟು, ಇನ್ನೊಂದು ದಾರಿಯಲ್ಲಿ 2.43 ಪಟ್ಟು. ಎರಡೂ ಸರಿ. ಆದರೆ ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ತಪ್ಪು. "ನೂರರಲ್ಲಿ" ಮತ್ತು "ಉಳಿದ ನೂರಕ್ಕೆ" ಎಂಬ ಈ ಎರಡು ಮಾತನ್ನು ಹಾಳೆಯ ಮೇಲೆ ದಪ್ಪಗೆ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಗಳಲ್ಲೂ ಬೇಕಾಗುತ್ತದೆ.

ಎರಡರ ನಡುವಿನ ಅಂತರ ಯಾವಾಗಲೂ ಇಷ್ಟೇ ಇರುವುದಿಲ್ಲ. ಶಾಲೆ ಬಿಡುವುದು ತೀರಾ ಅಪರೂಪ ಇರುವ ಕಡೆ, ನೂರರಲ್ಲಿ 1 ಮತ್ತು 2 ಎಂದಿಟ್ಟುಕೊಳ್ಳಿ, ಆಡ್ಸ್ ರೇಷಿಯೋ 2.02 ಬರುತ್ತದೆ. ಹೆಚ್ಚುಕಡಿಮೆ ಒಂದೇ. ನೂರರಲ್ಲಿ 40 ಮತ್ತು 80 ಆದರೆ ಅದೇ ಎರಡು ಪಟ್ಟಿಗೆ ಆಡ್ಸ್ ರೇಷಿಯೋ 6 ಬರುತ್ತದೆ! ಆಗ "ಸಾಧ್ಯತೆ 6 ಪಟ್ಟು" ಎಂದು ಬರೆದರೆ ಓದಿದವರಿಗೆ ಪೂರ್ತಿ ಸುಳ್ಳು ಚಿತ್ರ ಸಿಗುತ್ತದೆ. ಮೇಲಾಗಿ 40ರ 6 ಪಟ್ಟು 240. ನೂರರಲ್ಲಿ 240 ಮಕ್ಕಳು ಶಾಲೆ ಬಿಡಲು ಆಗುವುದಿಲ್ಲ.

## ಹಂತ 3: ಮಾಡೆಲ್ ಓಡಿಸುವುದು, ಹೋಲಿಕೆಯ ಗುಂಪು ಗೊತ್ತು ಮಾಡುವುದು

ಈಗ ಲಿಂಗವನ್ನೂ ಸೇರಿಸೋಣ. ಅದೇ 1000 ಮಕ್ಕಳು ಹೀಗೆ ಹಂಚಿಹೋಗಿದ್ದಾರೆ: ಹತ್ತಿರದಲ್ಲಿ 300 ಹುಡುಗರು, ಬಿಟ್ಟವರು 45. ಹತ್ತಿರದಲ್ಲಿ 300 ಹುಡುಗಿಯರು, ಬಿಟ್ಟವರು 45. ದೂರದಲ್ಲಿ 200 ಹುಡುಗರು, ಬಿಟ್ಟವರು 50. ದೂರದಲ್ಲಿ 200 ಹುಡುಗಿಯರು, ಬಿಟ್ಟವರು 70. ಇದನ್ನು Rಗೆ ಹೀಗೆ ಕೊಡಿ.

```r
d <- data.frame(
  dura  = c("near","near","far","far"),
  linga = c("boy","girl","boy","girl"),
  bitta = c(45, 45, 50, 70),
  ulida = c(255, 255, 150, 130))
d$dura  <- relevel(factor(d$dura),  ref = "near")
d$linga <- relevel(factor(d$linga), ref = "boy")
m <- glm(cbind(bitta, ulida) ~ dura + linga,
         family = binomial, data = d)
exp(cbind(OR = coef(m), confint.default(m)))
```

ನಿಮ್ಮ ಕಡತದಲ್ಲಿ ಒಂದೊಂದು ಮಗುವಿಗೆ ಒಂದೊಂದು ಸಾಲು ಇದ್ದರೆ `cbind(bitta, ulida)` ಜಾಗದಲ್ಲಿ 0 ಮತ್ತು 1 ಇರುವ ಕಾಲಂನ ಹೆಸರು ಹಾಕಿದರೆ ಸಾಕು.

`relevel` ಇರುವ ಎರಡು ಸಾಲುಗಳನ್ನು ದಯವಿಟ್ಟು ಬಿಡಬೇಡಿ. ಹೇಳದೇ ಇದ್ದರೆ R ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ಬರುವುದನ್ನು ಹೋಲಿಕೆಯ ಗುಂಪು ಮಾಡಿಕೊಳ್ಳುತ್ತದೆ. `far` ಎಂಬುದು `near`ಗಿಂತ ಮೊದಲು ಬರುತ್ತದೆ. ಆಗ ಔಟ್‌ಪುಟ್‌ನಲ್ಲಿ `duranear` ಎಂಬ ಸಾಲು, ಅದರ ಮುಂದೆ 0.41 ಎಂದು ಬರುತ್ತದೆ. ಇದು ತಪ್ಪು ಉತ್ತರವಲ್ಲ, ಅದೇ ಉತ್ತರದ ತಲೆಕೆಳಗಾದ ರೂಪ. 1 ಭಾಗಿಸು 2.43 ಎಂದರೆ 0.41. ಆದರೆ ಅದನ್ನು "ದೂರ ಇದ್ದರೆ ಶಾಲೆ ಬಿಡುವುದು ಕಡಿಮೆ" ಎಂದು ಓದಿ ಇಡೀ ಚರ್ಚೆಯ ಭಾಗವನ್ನು ಅದರ ಮೇಲೆ ಕಟ್ಟಿದವರಿದ್ದಾರೆ.

SPSSನಲ್ಲಿ ಇದಕ್ಕಿಂತ ಸೂಕ್ಷ್ಮ. Categorical ಬಟನ್ ಒತ್ತಿದಾಗ ಹೋಲಿಕೆಯ ಗುಂಪು ತಾನಾಗಿ Last, ಅಂದರೆ ದೊಡ್ಡ ಸಂಖ್ಯೆ ಇರುವ ಗುಂಪು. ಹತ್ತಿರಕ್ಕೆ 0, ದೂರಕ್ಕೆ 1 ಕೊಟ್ಟಿದ್ದರೆ ಅದು ದೂರವನ್ನೇ ಹೋಲಿಕೆಗೆ ಇಟ್ಟುಕೊಳ್ಳುತ್ತದೆ. First ಆರಿಸಿ, ಆಮೇಲೆ Change ಒತ್ತಿ. Change ಒತ್ತಲು ಮರೆತರೆ ಏನೂ ಬದಲಾಗುವುದಿಲ್ಲ. ಔಟ್‌ಪುಟ್‌ನ ಆರಂಭದಲ್ಲಿ Dependent Variable Encoding ಎಂಬ ಚಿಕ್ಕ ಟೇಬಲ್ ಬರುತ್ತದೆ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಅಲ್ಲಿ ನಿಲ್ಲಿ. ಶಾಲೆ ಬಿಟ್ಟವರ ಮುಂದೆ 1 ಇದೆಯೇ ನೋಡಿ. ಕೋಡ್‌ಬುಕ್‌ನಲ್ಲಿ "1 ಬಿಟ್ಟಿದೆ, 2 ಓದುತ್ತಿದೆ" ಎಂದಿದ್ದರೆ SPSS ಸದ್ದಿಲ್ಲದೆ ಓದುತ್ತಿರುವವರನ್ನು 1 ಮಾಡಿಕೊಂಡಿರುತ್ತದೆ. ಆಗ ಎಲ್ಲ ಸಾಲುಗಳೂ ತಲೆಕೆಳಗು.

ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಂತ 2ರ ಹಾಳೆ ಇದೆಯಲ್ಲ, ಅದಕ್ಕೇ ಅದನ್ನು ಮೊದಲು ಬರೆಸಿದ್ದು. ಕೈಲೆಕ್ಕದಲ್ಲಿ 1ಕ್ಕಿಂತ ಮೇಲೆ ಬಂದದ್ದು ಔಟ್‌ಪುಟ್‌ನಲ್ಲಿ 1ಕ್ಕಿಂತ ಕೆಳಗೆ ಬಂದರೆ, ಮೊದಲು ಅನುಮಾನ ಪಡಬೇಕಾದ್ದು ಕೋಡಿಂಗ್ ಮೇಲೆ.

## ಹಂತ 4: ಸಾಲು ಸಾಲಾಗಿ ಓದುವುದು

ಮೇಲಿನ ಮಾಡೆಲ್‌ನಿಂದ ಬರುವುದು ಇಷ್ಟು. 95% ಅಂತರ ಎಂದರೆ ಕಾನ್ಫಿಡೆನ್ಸ್ ಇಂಟರ್ವಲ್, ಈ ದತ್ತಾಂಶಕ್ಕೆ ಹೊಂದುವ ಆಡ್ಸ್ ರೇಷಿಯೋಗಳ ವ್ಯಾಪ್ತಿ:

| ಸಾಲು | ಆಡ್ಸ್ ರೇಷಿಯೋ | 95% ಅಂತರ |
|---|---|---|
| `durafar` | 2.43 | ಸುಮಾರು 1.8 ರಿಂದ 3.3 |
| `lingagirl` | 1.28 | 0.94 ರಿಂದ 1.75 |

ಮೊದಲು ಒಂದು ಎಚ್ಚರಿಕೆ. ಔಟ್‌ಪುಟ್‌ನಲ್ಲಿ ಎರಡು ಬಗೆಯ ಸಂಖ್ಯೆ ಇರುತ್ತವೆ. `summary(m)` ಕೊಡುವುದು ಲಾಗ್ ಆಡ್ಸ್. ಅಲ್ಲಿ ದೂರದ ಮುಂದೆ 0.89 ಇರುತ್ತದೆ. SPSSನಲ್ಲಿ ಅದೇ B ಕಾಲಂ. ಸ್ಟಾಟಾದಲ್ಲಿ `logit` ಕೊಟ್ಟರೆ ಲಾಗ್ ಆಡ್ಸ್, `logistic` ಕೊಟ್ಟರೆ ಆಡ್ಸ್ ರೇಷಿಯೋ. 0.89 ನೋಡಿ "1ಕ್ಕಿಂತ ಕಡಿಮೆ, ಆದ್ದರಿಂದ ದೂರ ಇದ್ದರೆ ಬಿಡುವುದು ಕಡಿಮೆ" ಎಂದು ಬರೆಯುವುದು ಬಹಳ ಸಾಮಾನ್ಯ ತಪ್ಪು. ಲಾಗ್ ಆಡ್ಸ್‌ಗೆ ನಡುಗೆರೆ 0, ಆಡ್ಸ್ ರೇಷಿಯೋಗೆ ನಡುಗೆರೆ 1. ಯಾವ ಕಾಲಂನಲ್ಲಾದರೂ ಮೈನಸ್ ಸಂಖ್ಯೆ ಕಂಡರೆ ಅದು ಆಡ್ಸ್ ರೇಷಿಯೋ ಅಲ್ಲವೇ ಅಲ್ಲ. ನಿಮಗೆ ಬೇಕಾದ್ದು SPSSನ Exp(B), Rನಲ್ಲಿ `exp()` ಹಾಕಿದ ಮೇಲೆ ಬರುವುದು.

ಈಗ `durafar` ಸಾಲು. ಓದುವ ಕ್ರಮ ಹೀಗೆ: ಯಾರನ್ನು, ಯಾರ ಜೊತೆ ಹೋಲಿಸಿ, ಯಾವುದನ್ನು ಸಮ ಇಟ್ಟು, ಯಾವುದರ ಎಷ್ಟು ಪಟ್ಟು. "ಲಿಂಗವನ್ನು ಸಮ ಇಟ್ಟು ನೋಡಿದರೆ, 5 ಕಿ.ಮೀ. ಆಚೆ ಹೈಸ್ಕೂಲು ಇರುವ ಮಕ್ಕಳು ಶಾಲೆ ಬಿಡುವ ಆಡ್ಸ್, ಹತ್ತಿರ ಇರುವ ಮಕ್ಕಳ ಆಡ್ಸ್‌ನ 2.43 ಪಟ್ಟು." ನಾಲ್ಕೂ ಭಾಗ ಇರಬೇಕು. "ಯಾರ ಜೊತೆ" ಎಂಬ ಭಾಗವೇ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಇದನ್ನು ಶೇಕಡಾದಲ್ಲಿ ಹೇಳಬೇಕೆಂದರೆ 1 ಕಳೆಯಿರಿ. 2.43ರಿಂದ 1 ಹೋದರೆ 1.43. ಆಡ್ಸ್ ಶೇ 143ರಷ್ಟು ಹೆಚ್ಚು. ಮತ್ತೆ ಹೇಳುತ್ತೇನೆ, ಹೆಚ್ಚಾದದ್ದು ಆಡ್ಸ್. ಬಿಟ್ಟ ಮಕ್ಕಳ ಸಂಖ್ಯೆ ಶೇ 143 ಹೆಚ್ಚಾಗಿಲ್ಲ. ಅದು 15ರಿಂದ 30ಕ್ಕೆ ಹೋಗಿದೆ, ಅಷ್ಟೇ.

`(Intercept)` ಸಾಲಿನಲ್ಲಿ 0.155 ಬರುತ್ತದೆ. ಅದು ಆಡ್ಸ್ ರೇಷಿಯೋ ಅಲ್ಲ. ಎರಡೂ ಹೋಲಿಕೆಯ ಗುಂಪಿಗೆ ಸೇರಿದ, ಅಂದರೆ ಹತ್ತಿರದ ಹುಡುಗರ ಆಡ್ಸ್. ಅದನ್ನು ಬೇರೆ ಸಾಲುಗಳ ಹಾಗೆ ಓದಬೇಡಿ.

## ಹಂತ 5: 95% ಅಂತರವನ್ನು ಓದುವುದು

ಲಿಂಗದ ಸಾಲು ನೋಡಿ. 1.28, ಅಂತರ 0.94 ರಿಂದ 1.75. ಅಂತರದ ಒಳಗೆ 1 ಇದೆ. ಇಲ್ಲಿ ಬಹಳ ಮಂದಿ "ಶಾಲೆ ಬಿಡುವುದಕ್ಕೂ ಲಿಂಗಕ್ಕೂ ಸಂಬಂಧವಿಲ್ಲ" ಎಂದು ಬರೆದು ಮುಂದೆ ಹೋಗುತ್ತಾರೆ.

ಹಾಗೆ ಬರೆಯುವಂತಿಲ್ಲ. ಈ ಅಂತರ ಹೇಳುವುದು ಏನೆಂದರೆ, ಹುಡುಗಿಯರ ಆಡ್ಸ್ ಹುಡುಗರದ್ದಕ್ಕಿಂತ ಸ್ವಲ್ಪ ಕಡಿಮೆ ಇರುವುದರಿಂದ ಹಿಡಿದು ಮುಕ್ಕಾಲು ಪಾಲು ಹೆಚ್ಚಿರುವವರೆಗೂ ಈ ದತ್ತಾಂಶಕ್ಕೆ ಹೊಂದುತ್ತದೆ. ವ್ಯತ್ಯಾಸ ಇಲ್ಲ ಎಂದು ತೋರಿಸಿದಂತಾಗಲಿಲ್ಲ. ವ್ಯತ್ಯಾಸ ಇದೆಯೋ ಇಲ್ಲವೋ ಇಷ್ಟು ಮಕ್ಕಳಿಂದ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಈ ಎರಡು ಮಾತಿನ ನಡುವೆ ತುಂಬಾ ವ್ಯತ್ಯಾಸವಿದೆ.

ಅಂತರದ ಬಗ್ಗೆ ಇನ್ನೊಂದು ವಿಷಯವಿದೆ, ಇದು ದೂರದ ಸಾಲಿಗೆ ಸಂಬಂಧಿಸಿದ್ದು. ದೂರ ಎಂಬುದು ಊರಿನ ಗುಣ. ಒಂದು ಊರಿನ ಎಲ್ಲ ಮಕ್ಕಳಿಗೂ ಹೈಸ್ಕೂಲು ಹೆಚ್ಚುಕಡಿಮೆ ಅಷ್ಟೇ ದೂರ. 400 ಮಕ್ಕಳು 20 ಊರಿನಿಂದ ಬಂದಿದ್ದರೆ, ದೂರದ ಬಗ್ಗೆ ನಿಮಗೆ ಸಿಕ್ಕಿದ್ದು 400 ಬಿಡಿ ಸಾಕ್ಷಿಗಳಲ್ಲ, 20 ಊರುಗಳ ಸಾಕ್ಷಿ. ಸಾದಾ `glm` ಇದನ್ನು ತಿಳಿಯದೆ ಅಂತರವನ್ನು ತೀರಾ ಕಿರಿದಾಗಿ ತೋರಿಸುತ್ತದೆ. ದೇಶದ ದೊಡ್ಡ ಮನೆ ಸಮೀಕ್ಷೆಗಳಾದ NFHS, NSS, IHDS ಮೂರರಲ್ಲೂ ಹೀಗೆ ಊರು ಅಥವಾ ಬಡಾವಣೆ ಆರಿಸಿಕೊಂಡು ಅಲ್ಲಿನ ಮನೆಗಳಿಗೆ ಹೋಗಿರುತ್ತಾರೆ. ಆ ದತ್ತಾಂಶ ಬಳಸುತ್ತಿದ್ದರೆ Rನ `survey` ಪ್ಯಾಕೇಜಿನಲ್ಲಿ `svyglm` ಬಳಸಿ, ಊರಿನ ಗುರುತು ಮತ್ತು ತೂಕದ ಕಾಲಂ ಎರಡನ್ನೂ ಕೊಡಿ. `family` ಜಾಗದಲ್ಲಿ `quasibinomial` ಹಾಕಿ. `binomial` ಹಾಕಿದರೆ ತೂಕದ ಕಾರಣಕ್ಕೆ ಒಂದು ಎಚ್ಚರಿಕೆ ಸಂದೇಶ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

## ಹಂತ 6: ಆಡ್ಸ್‌ನಿಂದ ಮತ್ತೆ ನೂರರ ಲೆಕ್ಕಕ್ಕೆ

ಟೇಬಲ್‌ನಲ್ಲಿ ಆಡ್ಸ್ ರೇಷಿಯೋ ಇರಲಿ. ಆದರೆ ಓದುವವರಿಗೆ ಅರ್ಥವಾಗುವುದು "ನೂರರಲ್ಲಿ ಎಷ್ಟು" ಎಂಬ ಲೆಕ್ಕ. ಆಡ್ಸ್ ಗೊತ್ತಿದ್ದರೆ ಪ್ರಾಬಬಿಲಿಟಿ ತೆಗೆಯುವುದು ಸುಲಭ:

```
p = odds / (1 + odds)
```

ಹತ್ತಿರದ ಹುಡುಗರ ಆಡ್ಸ್ 0.155. ಅದನ್ನು 1.155ರಿಂದ ಭಾಗಿಸಿದರೆ 0.134, ನೂರರಲ್ಲಿ 13.4. ಎಲ್ಲ ನಾಲ್ಕು ಗುಂಪಿಗೂ ಒಟ್ಟಿಗೆ ಬೇಕೆಂದರೆ ಹೀಗೆ ಕೊಡಿ:

```r
cbind(d, p = predict(m, type = "response"))
```

ಹತ್ತಿರದ ಹುಡುಗರು 13.4, ಹತ್ತಿರದ ಹುಡುಗಿಯರು 16.6, ದೂರದ ಹುಡುಗರು 27.4, ದೂರದ ಹುಡುಗಿಯರು 32.6. ಇಲ್ಲೊಂದು ವಿಷಯ ಗಮನಿಸಿ. ಹುಡುಗಿಯರ ಆಡ್ಸ್ ರೇಷಿಯೋ ಎರಡೂ ಕಡೆ ಒಂದೇ, 1.28. ಆದರೆ ಹತ್ತಿರದ ಊರುಗಳಲ್ಲಿ ಅದು ನೂರರಲ್ಲಿ 3 ಮಕ್ಕಳ ವ್ಯತ್ಯಾಸ, ದೂರದ ಊರುಗಳಲ್ಲಿ 5 ಮಕ್ಕಳ ವ್ಯತ್ಯಾಸ. ಒಂದೇ ಆಡ್ಸ್ ರೇಷಿಯೋ ಮೊದಲೇ ಎಷ್ಟು ಮಕ್ಕಳು ಬಿಡುತ್ತಿದ್ದರು ಎಂಬುದರ ಮೇಲೆ ಬೇರೆ ಬೇರೆ ಸಂಖ್ಯೆಯ ಮಕ್ಕಳಾಗಿ ಕಾಣಿಸುತ್ತದೆ. ಅದಕ್ಕೇ ಆಡ್ಸ್ ರೇಷಿಯೋ ಒಂದನ್ನೇ ಕೊಟ್ಟು ನಿಲ್ಲಿಸಬಾರದು.

ನಿಜವಾದ ಅಂಕಿಯ ಜೊತೆ ಇದನ್ನು ಹೋಲಿಸಿದಿರಾ? ಹತ್ತಿರದಲ್ಲಿ ಹುಡುಗರೂ ಹುಡುಗಿಯರೂ ಇಬ್ಬರೂ 15 ಇದ್ದರು. ದೂರದಲ್ಲಿ 25 ಮತ್ತು 35. ಮಾಡೆಲ್ ಹೇಳಿದ್ದು ಅದಕ್ಕೆ ಸರಿಯಾಗಿ ಕೂರುತ್ತಿಲ್ಲ. ಏಕೆ ಎಂಬುದು ಹಂತ 8ರಲ್ಲಿ.

## ಹಂತ 7: ವರ್ಷ, ರೂಪಾಯಿ, ಕಿಲೋಮೀಟರ್ ಇರುವ ಸಾಲು

ತಾಯಿ ಎಷ್ಟು ವರ್ಷ ಓದಿದ್ದಾಳೆ ಎಂಬುದನ್ನು ಸೇರಿಸಿದಿರಿ, ಆಡ್ಸ್ ರೇಷಿಯೋ 0.90 ಬಂತು ಎಂದುಕೊಳ್ಳಿ. ತಾಯಿಯ ಓದು ಒಂದು ವರ್ಷ ಹೆಚ್ಚಾದರೆ ಆಡ್ಸ್ ಹಿಂದಿನದರ 0.90 ಪಟ್ಟು, ಅಂದರೆ ಶೇ 10ರಷ್ಟು ಕಡಿಮೆ. ಐದು ವರ್ಷ ಹೆಚ್ಚಾದರೆ? ಶೇ 50 ಅಲ್ಲ. ಇಲ್ಲಿ ಕೂಡುವುದಿಲ್ಲ, ಗುಣಿಸುತ್ತೇವೆ. 0.90ನ್ನು ಐದು ಸಲ ಗುಣಿಸಿದರೆ 0.59. ಶೇ 41ರಷ್ಟು ಕಡಿಮೆ.

ಇದರಿಂದಲೇ ಇನ್ನೊಂದು ತಪ್ಪು ಹುಟ್ಟುತ್ತದೆ. ದೂರದ 2.43 ಮತ್ತು ತಾಯಿಯ ಓದಿನ 0.90 ಪಕ್ಕಪಕ್ಕ ಇಟ್ಟು "ದೂರವೇ ದೊಡ್ಡ ಕಾರಣ" ಎನ್ನುವುದು. ಒಂದು ಇಡೀ ಗುಂಪಿನ ವ್ಯತ್ಯಾಸ, ಇನ್ನೊಂದು ಬರೀ ಒಂದು ವರ್ಷದ್ದು. ಓದೇ ಇಲ್ಲದ ತಾಯಿ ಮತ್ತು 10 ಮುಗಿಸಿದ ತಾಯಿಯನ್ನು ಹೋಲಿಸಿದರೆ 0.35 ಬರುತ್ತದೆ. ತಿರುಗಿಸಿದರೆ 2.9 ಪಟ್ಟು, ದೂರಕ್ಕಿಂತ ದೊಡ್ಡದು.

ಮನೆಯ ತಿಂಗಳ ಆದಾಯದ ಮುಂದೆ 1.00 ಎಂದು ಬಂದರೆ ಪರಿಣಾಮವೇ ಇಲ್ಲ ಎಂದು ತಿಳಿಯಬೇಡಿ. ಅದು ಒಂದೊಂದು ರೂಪಾಯಿಯ ಲೆಕ್ಕ. ಆದಾಯವನ್ನು 1000ದಿಂದ ಭಾಗಿಸಿ ಮತ್ತೆ ಓಡಿಸಿ. ಹಾಗೆಯೇ ಉತ್ತರ ಸಿಗದವರಿಗೆ ಕಡತದಲ್ಲಿ 99 ಹಾಕಿರುತ್ತಾರೆ. ಅದನ್ನು ತೆಗೆಯದಿದ್ದರೆ 99 ವರ್ಷ ಓದಿದ ತಾಯಂದಿರು ಮಾಡೆಲ್ ಒಳಗೆ ಬಂದು ಕೂರುತ್ತಾರೆ.

## ಹಂತ 8: ದೂರದ ಪೆಟ್ಟು ಹುಡುಗಿಯರಿಗೆ ಜಾಸ್ತಿಯೇ?

ಹಂತ 3ರ ಮಾಡೆಲ್ ಒಂದು ಷರತ್ತು ಹಾಕಿತ್ತು. ದೂರದ ಆಡ್ಸ್ ರೇಷಿಯೋ ಹುಡುಗರಿಗೂ ಹುಡುಗಿಯರಿಗೂ ಒಂದೇ ಎಂದು ಅದು ಮೊದಲೇ ಅಂದುಕೊಂಡಿತ್ತು. ನಮ್ಮ ಊರುಗಳನ್ನು ಬಲ್ಲವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಬಸ್ ಇಲ್ಲದ ದಾರಿಯಲ್ಲಿ ಆರು ಕಿಲೋಮೀಟರ್ ನಡೆಯಲು ಮಗನನ್ನು ಕಳಿಸುವ ಮನೆಯವರು ಮಗಳನ್ನು ಕಳಿಸಲು ಹಿಂದೆಮುಂದೆ ನೋಡುತ್ತಾರೆ. ಕರ್ನಾಟಕದಲ್ಲಿ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದರ ಹಿಂದೆಯೂ ಇದೇ ದಾರಿಯ ಚಿಂತೆ ಇತ್ತು.

ಇದನ್ನು ಪರೀಕ್ಷಿಸಲು `+` ಜಾಗದಲ್ಲಿ `*` ಹಾಕಿ.

```r
m2 <- update(m, . ~ dura * linga)
exp(cbind(OR = coef(m2), confint.default(m2)))
```

ಈಗ `(Intercept)` ಬಿಟ್ಟು ಮೂರು ಸಾಲು ಬರುತ್ತವೆ: `durafar` 1.89, `lingagirl` 1.00, `durafar:lingagirl` 1.62. ಇಲ್ಲಿ ನಿಧಾನಿಸಿ. ಸಾಲುಗಳ ಹೆಸರು ಹಳೆಯದೇ, ಅರ್ಥ ಮಾತ್ರ ಬದಲಾಗಿದೆ.

1.89 ಈಗ ಎಲ್ಲ ಮಕ್ಕಳದ್ದಲ್ಲ, ಹುಡುಗರಲ್ಲಿ ಮಾತ್ರ ದೂರದ ಆಡ್ಸ್ ರೇಷಿಯೋ. 1.00 ಎಂಬುದು ಹತ್ತಿರದ ಊರುಗಳಲ್ಲಿ ಮಾತ್ರ ಹುಡುಗಿಯರನ್ನು ಹುಡುಗರ ಜೊತೆ ಹೋಲಿಸಿದ್ದು. ಇದನ್ನು ನೋಡಿ "ಲಿಂಗದ ವ್ಯತ್ಯಾಸವೇ ಇಲ್ಲ" ಎಂದು ಬರೆದರೆ ದೂರದ ಊರಿನ ಹುಡುಗಿಯರನ್ನು ಪೂರ್ತಿ ಮರೆತಂತೆ. ಹುಡುಗಿಯರಲ್ಲಿ ದೂರದ ಆಡ್ಸ್ ರೇಷಿಯೋ ಬೇಕೆಂದರೆ 1.89ನ್ನು 1.62ರಿಂದ ಗುಣಿಸಿ. ಸುಮಾರು 3.05. ಕೈಲೆಕ್ಕದಲ್ಲೂ ತಾಳೆ ನೋಡಿ: 70 ಭಾಗಿಸು 130 ಎಂದರೆ 0.538, 45 ಭಾಗಿಸು 255 ಎಂದರೆ 0.176. ಒಂದನ್ನೊಂದರಿಂದ ಭಾಗಿಸಿದರೆ ಅದೇ 3.05.

ಆದರೆ 1.62ರ ಅಂತರ 0.87 ರಿಂದ 3.01. ಒಳಗೆ 1 ಇದೆ. ಹಾಗಾಗಿ "ದೂರದ ಪೆಟ್ಟು ಹುಡುಗಿಯರಿಗೇ ಜಾಸ್ತಿ" ಎಂದು ಗಟ್ಟಿಯಾಗಿ ಹೇಳಲು ಈ 1000 ಮಕ್ಕಳು ಸಾಲರು.

ಇಲ್ಲಿ ಒಂದು ಅಡ್ಡದಾರಿ ಇದೆ, ಬಹಳ ಜನ ಹಿಡಿಯುತ್ತಾರೆ. ಕಡತವನ್ನು ಎರಡು ಮಾಡಿ, ದೂರದ ಊರು ಬೇರೆ, ಹತ್ತಿರದ ಊರು ಬೇರೆ ಓಡಿಸುವುದು. ದೂರದಲ್ಲಿ ಹುಡುಗಿಯರ ಆಡ್ಸ್ ರೇಷಿಯೋ 1.62, ಅಂತರ 1.05 ರಿಂದ 2.49, ಅಂದರೆ 1 ಹೊರಗೆ. ಹತ್ತಿರದಲ್ಲಿ 1.00, ಅಂತರದ ಒಳಗೆ 1 ಇದೆ. "ಒಂದು ಕಡೆ ಸಿಗ್ನಿಫಿಕೆಂಟ್, ಇನ್ನೊಂದು ಕಡೆ ಅಲ್ಲ, ಆದ್ದರಿಂದ ಎರಡೂ ಕಡೆ ಬೇರೆ ಬೇರೆ" ಎಂದು ಬರೆಯುತ್ತಾರೆ. ಎರಡು ಕಡೆಯೂ ಬೇರೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು `durafar:lingagirl` ಸಾಲು ಒಂದೇ. ಅದು ಗಟ್ಟಿಯಾಗಿ ಹೌದು ಎನ್ನಲಿಲ್ಲ.

ಹಾಗೆಂದು ಈ ಫಲಿತಾಂಶವನ್ನು ಮುಚ್ಚಿಡಬೇಡಿ. ನೂರರ ಲೆಕ್ಕದಲ್ಲಿ ಹುಡುಗರಲ್ಲಿ 15ರಿಂದ 25, ಹುಡುಗಿಯರಲ್ಲಿ 15ರಿಂದ 35. ಇದು ಚಿಕ್ಕ ವ್ಯತ್ಯಾಸವಲ್ಲ. ಅಂಕಿಯನ್ನೂ ಕೊಡಿ, ಅಂತರವನ್ನೂ ಕೊಡಿ.

## ಔಟ್‌ಪುಟ್ ನೋಡಿ ನಿಲ್ಲಬೇಕಾದ ಕಡೆಗಳು

ಆಡ್ಸ್ ರೇಷಿಯೋ ಲಕ್ಷಗಟ್ಟಲೆ ಬಂದು, ಸ್ಟ್ಯಾಂಡರ್ಡ್ ಎರರ್ ಕೂಡ ಭಾರಿ ಇದ್ದರೆ, ಯಾವುದೋ ಗುಂಪಿನಲ್ಲಿ ಎಲ್ಲರೂ ಬಿಟ್ಟಿದ್ದಾರೆ ಅಥವಾ ಒಬ್ಬರೂ ಬಿಟ್ಟಿಲ್ಲ. ಉದಾಹರಣೆಗೆ ಮದುವೆಯಾದ 12 ಹುಡುಗಿಯರಲ್ಲಿ 12 ಜನವೂ ಶಾಲೆ ಬಿಟ್ಟಿದ್ದರೆ ಭಾಗಿಸಲು ಉಳಿದವರೇ ಇಲ್ಲ. ಆ ಸಂಖ್ಯೆಯನ್ನು ಬರೆಯಬೇಡಿ. ಗುಂಪನ್ನು ಟೇಬಲ್ ಮಾಡಿ ತೋರಿಸಿ.

ಮಾಡೆಲ್ ಬಳಸಿದ ಮಕ್ಕಳ ಸಂಖ್ಯೆ ಕಡತದ ಸಂಖ್ಯೆಗಿಂತ ಬಹಳ ಕಡಿಮೆ ಇದ್ದರೆ, ಒಂದು ಉತ್ತರ ಖಾಲಿ ಇದ್ದ ಮಗುವನ್ನೂ ಸಾಫ್ಟ್‌ವೇರ್ ಕೈಬಿಟ್ಟಿದೆ. ಒಂದೊಂದು ಮಗುವಿಗೆ ಒಂದೊಂದು ಸಾಲು ಇರುವ ಕಡತವಾದರೆ `nobs(m)` ಕೊಟ್ಟು ನೋಡಿ. ನಮ್ಮ ಉದಾಹರಣೆಯಂತೆ ಗುಂಪಿಗೊಂದು ಸಾಲು ಇದ್ದರೆ ಅದು ಮಕ್ಕಳನ್ನಲ್ಲ, ಸಾಲುಗಳನ್ನು ಎಣಿಸಿ 4 ಎನ್ನುತ್ತದೆ. ಖಾಲಿ ಇರುವ ಉತ್ತರ ಸಾಮಾನ್ಯವಾಗಿ ಶಾಲೆ ಬಿಟ್ಟವರ ಮನೆಯದ್ದೇ ಆಗಿದ್ದರೆ ಫಲಿತಾಂಶವೇ ವಾಲುತ್ತದೆ.

ಮೂರನೆಯದು ಕಣ್ಣಿಗೆ ಬೀಳದ್ದು. ಹೊಸ ಸಂಗತಿ ಸೇರಿಸಿದಾಗ ದೂರದ ಆಡ್ಸ್ ರೇಷಿಯೋ ಬದಲಾಯಿತು, ಆದ್ದರಿಂದ ಅದು ಇದರ ಹಿಂದಿನ ಕಾರಣ ಎಂದು ಬರೆಯುತ್ತಾರೆ. ನಮ್ಮ ಟೇಬಲ್‌ನಲ್ಲಿ ದೂರಕ್ಕೂ ಲಿಂಗಕ್ಕೂ ಸಂಬಂಧವೇ ಇಲ್ಲ, ಎರಡೂ ಕಡೆ ಅರ್ಧ ಹುಡುಗರು, ಅರ್ಧ ಹುಡುಗಿಯರು. ಆದರೂ ಲಿಂಗ ಸೇರಿಸಿದಾಗ ದೂರದ ಸಂಖ್ಯೆ 2.429ರಿಂದ 2.434ಕ್ಕೆ ಸರಿಯಿತು. ಇಲ್ಲಿ ಅದು ಕೂದಲೆಳೆಯಷ್ಟು. ಸೇರಿಸಿದ ಸಂಗತಿಯ ಪ್ರಭಾವ ದೊಡ್ಡದಿದ್ದರೆ ಈ ಬದಲಾವಣೆಯೂ ದೊಡ್ಡದಾಗುತ್ತದೆ. ಆಡ್ಸ್ ರೇಷಿಯೋದ ಸ್ವಭಾವವೇ ಹಾಗೆ. ಎರಡು ಮಾಡೆಲ್ ಹೋಲಿಸಬೇಕಾದರೆ ಹಂತ 6ರ ನೂರರ ಲೆಕ್ಕವನ್ನು ಹೋಲಿಸಿ.

## ಹಂತ 9: ವಾಕ್ಯ ಬರೆಯುವುದು

ಎಲ್ಲ ಮುಗಿದ ಮೇಲೆ ಫಲಿತಾಂಶದ ಭಾಗದಲ್ಲಿ ಹೀಗೆ ಬರೆಯಬಹುದು. ನಿಮ್ಮ ಅಂಕಿ ಹಾಕಿಕೊಳ್ಳಿ:

"7ನೇ ತರಗತಿ ಮುಗಿಸಿದ 1000 ಮಕ್ಕಳಲ್ಲಿ 210 ಮಕ್ಕಳು 10 ಮುಗಿಸುವ ಮೊದಲೇ ಶಾಲೆ ಬಿಟ್ಟಿದ್ದಾರೆ. ಲಿಂಗವನ್ನು ಸಮ ಇಟ್ಟು ನೋಡಿದಾಗ, ಹೈಸ್ಕೂಲು 5 ಕಿ.ಮೀ. ಆಚೆ ಇರುವ ಮಕ್ಕಳು ಶಾಲೆ ಬಿಡುವ ಆಡ್ಸ್, 5 ಕಿ.ಮೀ. ಒಳಗಿರುವ ಮಕ್ಕಳ ಆಡ್ಸ್‌ನ 2.43 ಪಟ್ಟು ಇದೆ (95% ಅಂತರ 1.8 ರಿಂದ 3.3). ನೂರರ ಲೆಕ್ಕದಲ್ಲಿ ಹತ್ತಿರದ ಮಕ್ಕಳಲ್ಲಿ 15, ದೂರದ ಮಕ್ಕಳಲ್ಲಿ 30 ಮಂದಿ ಶಾಲೆ ಬಿಟ್ಟಿದ್ದಾರೆ. ದೂರದ ಊರುಗಳಲ್ಲಿ ಹುಡುಗಿಯರು 35, ಹುಡುಗರು 25. ಆದರೆ ದೂರದ ಪ್ರಭಾವ ಹುಡುಗಿಯರಲ್ಲಿ ಹೆಚ್ಚು ಎಂದು ಖಚಿತವಾಗಿ ಹೇಳಲು ಈ ದತ್ತಾಂಶ ಸಾಲದು (ಎರಡೂ ಸೇರಿದ ಸಾಲಿನ ಆಡ್ಸ್ ರೇಷಿಯೋ 1.62, 95% ಅಂತರ 0.87 ರಿಂದ 3.01). ದೂರದ ಊರುಗಳು ಬಡತನ, ರಸ್ತೆ, ಬಸ್ ಸೌಕರ್ಯಗಳಲ್ಲೂ ಬೇರೆ ಇರಬಹುದು. ಅವು ಈ ಮಾಡೆಲ್‌ನಲ್ಲಿ ಇಲ್ಲದ ಕಾರಣ, 2.43 ಪೂರ್ತಿ ದೂರದಿಂದಲೇ ಬಂದದ್ದು ಎಂದು ಹೇಳಲಾಗದು."

"ಸಾಧ್ಯತೆ" ಎಂಬ ಪದ ಈ ಪ್ಯಾರಾದಲ್ಲಿ ಒಂದು ಕಡೆಯೂ ಇಲ್ಲ. ಸಲ್ಲಿಸುವ ಮೊದಲು ನಿಮ್ಮ ಕಡತದಲ್ಲೂ ಆ ಪದವನ್ನು ಹುಡುಕಿ. ಸಿಕ್ಕ ಪ್ರತಿ ಜಾಗದಲ್ಲೂ ನೀವು ಹೇಳುತ್ತಿರುವುದು ಒಟ್ಟು ನೂರರಲ್ಲಿ ಎಷ್ಟು ಎಂದೋ, ಉಳಿದ ನೂರಕ್ಕೆ ಎಷ್ಟು ಎಂದೋ ನೋಡಿ, ಅದನ್ನೇ ಬರೆಯಿರಿ.